ಕ್ರಯಪತ್ರದ ಅನುವಾದ: ಬಿಡಿಸಿ ಬರೆಯಬೇಕಾ, ಇದ್ದಂತೆ ಇಡಬೇಕಾ?

ಇಂಗ್ಲಿಷ್ ಕ್ರಯಪತ್ರವನ್ನು ಕನ್ನಡಕ್ಕೆ ತರುವವರಿಗೆ ಎರಡು ದಾರಿಗಳಿವೆ. ನಾನು ಎರಡನ್ನೂ ಬಳಸುತ್ತೇನೆ, ಆದರೆ ಬೇರೆ ಬೇರೆ ಕಡೆ.

ಪೀಠಿಕೆಯನ್ನು ಬಿಡಿಸಿ ಬರೆಯಿರಿ. ಇಂಗ್ಲಿಷಿನ ಒಂದೇ ಉದ್ದ ವಾಕ್ಯವನ್ನು ಒಡೆದು, ಆಸ್ತಿ ಯಾರಿಂದ ಯಾರಿಗೆ ಬಂತು ಎಂಬುದಕ್ಕೆ ಒಂದೊಂದು ವಾಕ್ಯ ಕೊಡಿ. ದಸ್ತಾವೇಜು ಸಂಖ್ಯೆ, ತಾರೀಖು ಅದರ ಜೊತೆಗೇ ಇರಲಿ.

ಷೆಡ್ಯೂಲಿನಲ್ಲಿ ಮಾತ್ರ ಇದ್ದಂತೆ ಇಡಿ. ಕೋಲಾರದ ಕಡೆಯ ಒಂದು ಪತ್ರದಲ್ಲಿ ವಿಸ್ತೀರ್ಣ '2-20' ಎಂದಿತ್ತು. ಅನುವಾದದಲ್ಲಿ ಅದು '2.20 ಎಕರೆ' ಆಗಿತ್ತು. 2 ಎಕರೆ 20 ಗುಂಟೆ ಅಂದರೆ ಎರಡೂವರೆ ಎಕರೆ, ಅಲ್ವಾ? 2.20 ಎಕರೆ ಅಂದರೆ 2 ಎಕರೆ 8 ಗುಂಟೆ ಮಾತ್ರ. ಸುಮ್ನೆ ಒಂದು ಚುಕ್ಕಿಗೆ 12 ಗುಂಟೆ ಹೋಯಿತು! 'ಎಕರೆ', 'ಗುಂಟೆ' ಎಂದು ಅಕ್ಷರದಲ್ಲೇ ಬರೆದಿದ್ದರೆ ಹೀಗಾಗುತ್ತಿರಲಿಲ್ಲ.

ಸೈಟಿನ ಅಳತೆಯಲ್ಲಿ ಮೋಸ ಹೋಗೋದು ಇನ್ನೂ ಜಾಸ್ತಿ. 'ಪೂರ್ವ-ಪಶ್ಚಿಮ 30 ಅಡಿ' ಎಂದರೆ ಉತ್ತರ ಮತ್ತು ದಕ್ಷಿಣದ ಅಂಚುಗಳು 30 ಅಡಿ. ಅದನ್ನೇ 'ಪೂರ್ವಕ್ಕೆ 30 ಅಡಿ' ಎಂದು ಚಿಕ್ಕದಾಗಿಸಿದರೆ ಓದುವವರು ಪೂರ್ವದ ಅಂಚನ್ನೇ 30 ಅಂದುಕೊಳ್ಳುತ್ತಾರೆ. 30×40 ಸೈಟು ಅಡ್ಡಕ್ಕೆ ತಿರುಗುತ್ತದೆ. ಚೆಕ್ಕುಬಂದಿಯೂ ಹಾಗೇ. ಮೂಲದಲ್ಲಿ 'ಉತ್ತರಕ್ಕೆ ಓಣಿ' ಎಂದಿದ್ದರೆ, ಈಗ ಅಲ್ಲಿ ಟಾರು ರಸ್ತೆ ಆಗಿದ್ದರೂ ಓಣಿ ಎಂದೇ ಬರೆಯಿರಿ.