ಸೂತ್ರದ ಪಟ್ಟಿನೋ, ಒಂದೇ ಲೆಕ್ಕನೋ, ಎರಡೂ ಕೂಡಿಸಿದ್ದೋ: ಪಾಠದ ಕ್ಯಾರೊಸೆಲ್ ಮೂರು ನಮೂನಿ ಹಾಕಿ ನೋಡೇನಿ

ಧಾರವಾಡದ ಸಪ್ತಾಪುರ ಕಡೆ ರೂಮ್ ಮಾಡ್ಕೊಂಡು ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋ ಹುಡುಗುರಿಗೆ ನಾನು ಗಣಿತ ಹೇಳ್ತೀನ್ರಿ. ಕ್ಲಾಸಿನ್ಯಾಗ ಹೇಳಿದ್ದನ್ನ ಇನ್‌ಸ್ಟಾಗ್ರಾಮ್‌ನ್ಯಾಗ ಕ್ಯಾರೊಸೆಲ್, ಅಂದ್ರ ಒಂದೊಂದ ಸ್ಲೈಡ್ ಸರಿಸಿ ನೋಡೋ ಪೋಸ್ಟ್, ಮಾಡಿ ಹಾಕ್ತೀನಿ. ಒಂದ ಪಾಠ, ಶೇಕಡಾ ಏರಿಕೆ ಇಳಿಕೆ, ಅದನ್ನ ಮೂರು ನಮೂನಿ ಸ್ಲೈಡ್ ಕಟ್ಟಿ ಹಾಕಿ ನೋಡೇನಿ, ಯಾವುದು ಸೇವ್ ಆಗತೈತಿ, ಯಾವುದನ್ನ ಹುಡುಗುರು ಕಡೀತನಕ ಓದ್ತಾರ ಅಂತ. ಇವೆರಡೂ ಬ್ಯಾರೆ ಬ್ಯಾರೆ ಸಂಗತಿ ಅನ್ನೋದು ಮೊದಲನೇ ನಮೂನ್ಯಾಗ ಗೊತ್ತಾತು.

ಮೊದಲನೇದು ಸೂತ್ರದ ಪಟ್ಟಿ. ಕವರಿನ ಮ್ಯಾಲೆ "ಶೇಕಡಾ: 10 ಸೂತ್ರ", ಆಮ್ಯಾಲೆ ಒಂದೊಂದು ಸ್ಲೈಡಿಗೆ ಒಂದೊಂದು ಸೂತ್ರ, ಕಡೀಗೆ ಒಂದು ಪ್ರಶ್ನೆ. ಇದು ಸೇವ್ ಅಂತೂ ಭಾಳ ಛಲೋ ಆಗತೈತಿ. ಆದ್ರ ಕಡೀ ಸ್ಲೈಡಿನ ಪ್ರಶ್ನೆಗೆ ಉತ್ತರ ಬರಂಗಿಲ್ಲ, ಬಂದ್ರೂ ಒಬ್ರದೋ ಇಬ್ರದೋ. ಕ್ಲಾಸಿನ್ಯಾಗ ಕೇಳಿದ್ರ ಒಬ್ಬ ಹುಡುಗ "ಸೇವ್ ಮಾಡೇನ್ರಿ ಸರ, ಇನ್ನೂ ನೋಡಿಲ್ರಿ" ಅಂದ. ಕಾರಣ ಸರಳ ಐತಿ, 10 ಸೂತ್ರ ಅಂತ ಕವರ್ ನೋಡಿದ ಕೂಡ್ಲೆ ಒಳಗ ಏನೈತಿ ಅನ್ನೋದು ಗೊತ್ತಾಗಿ ಬಿಡತೈತಿ, ಪರೀಕ್ಷೆ ಹತ್ರ ಬಂದಾಗ ನೋಡಿದ್ರಾತು ಅಂತ ಎತ್ತಿ ಇಡ್ತಾರ. ಎರಡನೇ ಸ್ಲೈಡಿಗೂ ಮೂರನೇ ಸ್ಲೈಡಿಗೂ ಸಂಬಂಧ ಇಲ್ಲದ್ದಕ್ಕ ನಡುವ ಬಿಟ್ಟು ಹೋದ್ರೂ ಏನೂ ಕಳ್ಕೊಂಡಂಗ ಅನಸಂಗಿಲ್ಲ.

ಎರಡನೇದು ಒಂದ ಲೆಕ್ಕ. ಕವರಿನ್ಯಾಗ ಪ್ರಶ್ನೆನ ಇಟ್ಟೆ: ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಲ್‌ಗೆ 20,000 ರೂಪಾಯಿ ಐತಿ ಅಂತ ತಿಳ್ಕೋರಿ, ಮೊದಲ 20% ಏರಿತು, ಆಮ್ಯಾಲೆ 20% ಇಳೀತು, ಈಗ ರೇಟ್ ಎಷ್ಟು? ಎರಡನೇ ಸ್ಲೈಡಿನ್ಯಾಗ ಅದ ಪ್ರಶ್ನೆ ಸಣ್ಣದಾಗಿ, ಕೆಳಗ ನಾಕು ಆಯ್ಕೆ, ಅದರಾಗ 20,000 ಒಂದು. ಭಾಳ ಮಂದಿ ಮನಸ್ಸಿನ್ಯಾಗ ಅದನ್ನ ಹಿಡಿತಾರ, ಏರಿದ್ದು ಇಳೀತಲ್ಲ ಅಂತ. ಮೂರನೇದ್ರಾಗ ಏರಿಕೆ, 20,000ದ 20% ಅಂದ್ರ 4,000, ರೇಟ್ 24,000 ಆತು, ಮತ್ತ ಅದ ಸ್ಲೈಡಿನ ಕೆಳಗ "ಈಗ ಇಳಿಯೋ 20% ಯಾವುದರ ಮ್ಯಾಲಿಂದು?" ಅಂತ ಕೇಳಿ ಅಲ್ಲೇ ನಿಲ್ಲಿಸಿದೆ. ನಾಕನೇದ್ರಾಗ ಉತ್ತರ, 24,000ದ ಮ್ಯಾಲಿಂದು, ಅಂದ್ರ 4,800 ಇಳೀತು. ಐದನೇದು 19,200. ಆರನೇದು, 800 ಎಲ್ಲಿ ಹೋತು, 20,000ಕ್ಕ ಅದು 4% ಆತು.

ಸ್ಲೈಡಿನ ಕೆಳಗ ಬರೆಯೋ ಆ ಒಂದು ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ಬರೇ ಬಾಣದ ಗುರುತು ಹಾಕಿ "ಸ್ವೈಪ್ ಮಾಡಿ" ಅಂತ ಬರದೂ ನೋಡೇನಿ, ಅದರಿಂದ ಹೇಳೂವಂಥ ಫರಕ್ ಏನೂ ಆಗಲಿಲ್ಲ, ಬಾಣ ಎಲ್ಲಿಗೆ ಹೋಗಬೇಕು ಅಂತ ತೋರಸತೈತಿ, ಯಾಕ ಹೋಗಬೇಕು ಅಂತ ಹೇಳಂಗಿಲ್ಲ. ಲೆಕ್ಕದ ನಡುವಿನ ಪ್ರಶ್ನೆ ಇಟ್ರ ಹುಡುಗ ತನ್ನ ಉತ್ತರ ಖರೇನೋ ಸುಳ್ಳೋ ಅಂತ ನೋಡಾಕ ಮುಂದಿನ ಸ್ಲೈಡಿಗೆ ಹೋಗತಾನ. ಎಲ್ಲಾ ಸ್ಲೈಡಿಗೂ ಇಂಥಾ ಪ್ರಶ್ನೆ ಬ್ಯಾಡ, ಲೆಕ್ಕ ಹೊರಳೋ ಜಾಗಾದಾಗ ಒಂದು ಎರಡು ಸಾಕು.

ಈ ನಮೂನಿಗೆ ಕಾಮೆಂಟಿನ್ಯಾಗ 19,200 ಅಂತ ಉತ್ತರ ಬರತಾವ, "800 ಎಲ್ಲಿ ಹೋತ್ರಿ ಸರ" ಅಂತ ವಾದಾನೂ ನಡಿತಾವ. ಆದ್ರ ಸೇವ್ ಕಡಿಮಿ. ಓದಿದ್ರು, ತಿಳೀತು, ಮುಗೀತು, ಮತ್ತ ಅದನ್ನ ತಗದು ನೋಡೋ ಕೆಲಸ ಉಳಿಲಿಲ್ಲ.

ಮೂರನೇದು ಎರಡನ್ನೂ ಕೂಡಿಸಿದ್ದು, ನಾನು ಈಗ ಹಿಡಿದಿದ್ದು ಇದನ್ನ. ಆರನೇ ಸ್ಲೈಡಿನ ತನಕ ಮೆಣಸಿನಕಾಯಿ ಲೆಕ್ಕ ಇದ್ದಂಗ ಇರತೈತಿ. ಏಳನೇದ್ರಾಗ ಸೂತ್ರ, a + b + ab/100. a ಅಂದ್ರ ಮೊದಲನೇ ಶೇಕಡಾ, b ಅಂದ್ರ ಎರಡನೇದು, ಏರಿದ್ರ ಪ್ಲಸ್, ಇಳಿದ್ರ ಮೈನಸ್, ನಮ್ಮ ಲೆಕ್ಕಕ್ಕ ಹಚ್ಚಿದ್ರ 20 − 20 − 4, ಅಂದ್ರ 4% ಇಳಿಕೆ. ಈಗಾಗಲೇ 800 ರೂಪಾಯಿ ಹೋಗಿದ್ದನ್ನ ಕಣ್ಣಾರೆ ನೋಡಿದವಗ ಈ ಸೂತ್ರ ಎಲ್ಲಿಂದ ಬಂತು ಅಂತ ಕೇಳೋ ಪ್ರಸಂಗ ಬರಂಗಿಲ್ಲ, ಅದಕ್ಕ ಸೂತ್ರ ಲೆಕ್ಕದ ಹಿಂದ ಬರಬೇಕು, ಮುಂದ ಅಲ್ಲ. ಎಂಟನೇದು ಅವರ ಮಾಡಬೇಕಾದ ಲೆಕ್ಕ: ಹೊಲದ ಉದ್ದ 10% ಹೆಚ್ಚು ಮಾಡಿ ಅಗಲ 10% ಕಡಿಮಿ ಮಾಡಿದ್ರ ಕ್ಷೇತ್ರಫಲ ಏನಾಗತೈತಿ? ಒಂಬತ್ತನೇದು, ಕಡೀದು, ಸೇವ್ ಮಾಡ್ಕೊಳ್ಳೋ ಹಾಳಿ. ಅದರಾಗ ಸೂತ್ರ, ಮೂರು ಸಾಲು ಉದಾಹರಣೆ: 10% ಏರಿ ಮತ್ತ 10% ಏರಿದ್ರ 21% ಏರಿಕೆ, 20% ಏರಿ 20% ಇಳಿದ್ರ 4% ಇಳಿಕೆ, ಸೀರಿ ಅಂಗಡ್ಯಾಗ 20% ಡಿಸ್ಕೌಂಟ್ ಮ್ಯಾಲೆ ಮತ್ತ 10% ಕೊಟ್ರ ಒಟ್ಟು 28%, 30 ಅಲ್ಲ. ಕೆಳಗ ಸಣ್ಣದಾಗಿ ಹೊಲದ ಲೆಕ್ಕದ ಉತ್ತರ, 1% ಕಡಿಮಿ.

ಆ ಹಾಳಿಯನ್ನ ಸ್ಲೈಡುಗಳ ನಡುವ ಇಟ್ಟೂ ನೋಡೇನಿ, ಅಲ್ಲೇ ಸ್ಕ್ರೀನ್‌ಶಾಟ್ ತಗೊಂಡು ಹೋಗಿಬಿಡತಾರ, ಅಭ್ಯಾಸದ ಲೆಕ್ಕ ಯಾರೂ ಮುಟ್ಟಂಗಿಲ್ಲ. ಕಡೀಗೆ ಇಟ್ಟು, ಲೆಕ್ಕದ ಉತ್ತರಾನೂ ಅದರಾಗ ಇಟ್ರ ಎರಡಕ್ಕೂ ಬರತಾರ. ಇನ್ನ ಆ ಹಾಳಿ ಒಂದನ್ನ ನೋಡಿದ್ರೂ ತಿಳಿಯಂಗ ಇರಬೇಕು, "ಮ್ಯಾಲಿನ ಲೆಕ್ಕದಾಗ ನೋಡಿದಂಗ" ಅಂತೆಲ್ಲಾ ಬರೀಬ್ಯಾಡ್ರಿ, ಯಾಕಂದ್ರ ಆರು ತಿಂಗಳಾದ ಮ್ಯಾಲೆ ತಗದು ನೋಡೋನಿಗೆ ಆ ಲೆಕ್ಕ ನೆನಪಿರಂಗಿಲ್ಲ.

ಒಂದು ತೊಡಕು ಸೇವ್ ಆದಮ್ಯಾಲೆ ಬರತೈತಿ. ಸೇವ್ ಮಾಡಿದ್ದೆಲ್ಲಾ ಸಾಲಾಗಿ ನೋಡಿದಾಗ ಕವರ್ ಅಷ್ಟ ಸಣ್ಣದಾಗಿ ಕಾಣತೈತಿ, ಒಳಗಿನ ಹಾಳಿ ಕಾಣಂಗಿಲ್ಲ. ಕವರಿನ್ಯಾಗ ಬರೇ ಮೆಣಸಿನಕಾಯಿ ಪ್ರಶ್ನೆ ಇದ್ರ ಹುಡುಗ ಶೇಕಡಾ ಹುಡುಕುವಾಗ ಅದನ್ನ ದಾಟಿ ಹೋಗತಾನ. ಅದಕ್ಕ ಪ್ರಶ್ನೆ ಮ್ಯಾಲೆ ದಪ್ಪ ಅಕ್ಷರದಾಗ "ಶೇಕಡಾ: ಏರಿಕೆ ಇಳಿಕೆ" ಅಂತ ಹೆಸರು ಹಾಕ್ತೀನಿ, ಅಂಚಿಗೆ ಹಚ್ಚಿ ಅಲ್ಲ, ಸಣ್ಣ ಚಿತ್ರದಾಗ ಅಂಚು ಕತ್ತರಿಸಿ ಹೋಗತೈತಿ. ಎರಡನೇ ಸ್ಲೈಡಿನ್ಯಾಗ ಪ್ರಶ್ನೆ ಮತ್ತ ಬರೆಯೋದಕ್ಕೂ ಕಾರಣ ಐತಿ. ಮೊದಲ ಸಲ ಸ್ವೈಪ್ ಮಾಡದ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಅದ ಪೋಸ್ಟನ್ನ ಎರಡನೇ ಸ್ಲೈಡಿನಿಂದ ಮತ್ತ ತೋರಸತೈತಿ. ಅಲ್ಲಿ "ಬರ್ರಿ ಶುರು ಮಾಡೋಣು" ಅಂತ ಇದ್ರ ಆ ಅವಕಾಶ ಹೋತು, ಪ್ರಶ್ನೆ ಇದ್ರ ಅದ ಇನ್ನೊಂದು ಕವರ್ ಆತು.

ಸ್ಲೈಡ್ 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರ ಇಡ್ತೀನಿ. ಕನ್ನಡದಾಗ ಒತ್ತಕ್ಷರ ಕೆಳಗ ಇಳೀತಾವಲ್ಲ, ಸಾಲಿನ ನಡುವ ಜಾಗ ಜಾಸ್ತಿ ಬಿಡಬೇಕು, ಇಲ್ಲಂದ್ರ "ಲೆಕ್ಕ"ದ ಒತ್ತು ಕೆಳಗಿನ ಸಾಲಿಗೆ ತಾಗತೈತಿ. ಹಿಂಗಾಗಿ ಒಂದು ಸ್ಲೈಡಿಗೆ ನಾಕೈದು ಸಾಲಿಗಿಂತ ಹೆಚ್ಚು ಹಿಡಿಯಂಗಿಲ್ಲ, ಹಿಡಿಸಾಕ ಹೋದ್ರ ಫೋನಿನ್ಯಾಗ ಓದಾಕ ಆಗಂಗಿಲ್ಲ.

ಹೋಲಿಸುವಾಗ ಬರೇ ಸೇವ್ ಎಷ್ಟು ಅಂತ ನೋಡಬ್ಯಾಡ್ರಿ. 2,000 ಮಂದಿಗೆ ಮುಟ್ಟಿ 100 ಸೇವ್ ಆದ್ರ 5%, 10,000 ಮಂದಿಗೆ ಮುಟ್ಟಿ 200 ಆದ್ರ ಬರೇ 2%, ಎರಡನೇದು ದೊಡ್ಡದು ಕಂಡ್ರೂ ಮೊದಲನೇದ ಛಲೋ. ರೀಚ್‌ನಿಂದ ಭಾಗಿಸಿನ ನೋಡಬೇಕು. ಕಡೀತನಕ ಓದಿದ್ರೋ ಇಲ್ಲೋ ಅನ್ನೋದಕ್ಕ ನನ್ನ ಅಳತಿ ಆ ಹೊಲದ ಲೆಕ್ಕ. "1% ಕಡಿಮಿ ಸರ" ಅಂತ ಬರದವ ಎಂಟನೇ ಸ್ಲೈಡಿನ ತನಕ ಬಂದಾನ ಅಂತಾತು. ಸುಮ್ನ ಓದಿ ಕಾಮೆಂಟ್ ಹಾಕದವರು ಇದರಾಗ ಸಿಗಂಗಿಲ್ಲ, ಆದ್ರೂ ಎರಡು ಪೋಸ್ಟ್ ಪಕ್ಕದಾಗ ಇಟ್ಟು ನೋಡಾಕ ಇದು ಸಾಕಾಗತೈತಿ.

ಎಲ್ಲಾ ವಿಷಯಕ್ಕೂ ಈ ಮೂರನೇ ನಮೂನಿ ಒಗ್ಗಂಗಿಲ್ಲ. ಪ್ರಚಲಿತ ಘಟನೆ, ನದಿ ಮತ್ತ ಅಣೆಕಟ್ಟಿನ ಹೆಸರು, ಇಂಥಾದ್ರಾಗ ಒಂದರಿಂದ ಇನ್ನೊಂದು ಹುಟ್ಟಂಗಿಲ್ಲ, ಅಲ್ಲಿ ಎಳದು ಕಥಿ ಮಾಡಿದ್ರ ಹುಡುಗುರ ವ್ಯಾಳ್ಯಾ ಹಾಳು. ಅವಕ್ಕ ನಾನು ಈಗೂ ಪಟ್ಟಿನ ಹಾಕ್ತೀನಿ, ಬೇಕಾದ್ರ ಒಂದು ಸ್ಲೈಡಿನ್ಯಾಗ ಮುಗಸ್ತೀನಿ.