ಫೋಟೋದಲ್ಲಿ ಬಂದ ನೋಟಿಸು: ಎರಡು ಸಾಲು, ಅರ್ಧ ಪುಟ, ಇಲ್ಲಾ ಪೂರ್ತಿ ಬಿಡಿಸಿ ಬರೆಯೋದಾ?

ಪರಿಚಯದ ಅಣ್ಣ-ತಮ್ಮ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಕರಾರಿಗೆ ಇಬ್ಬರೂ ಸಹಿ ಹಾಕಿದ್ದಾರೆ. ಮನೆ ಮಾಲೀಕರ ವಕೀಲರಿಂದ ಅವರಿಗೆ ಎರಡು ಪುಟದ ನೋಟಿಸು ಬಂತು. ಮಾರನೇ ದಿನ ತಮ್ಮ ಅದರ ಫೋಟೋ ಕಳಿಸಿ, "ಅಣ್ಣಾ, ಇದರಲ್ಲಿ ಏನಿದೆ, ಚಿಕ್ಕದಾಗಿ ಹೇಳಿ" ಅಂದ. ನಾನು ವಕೀಲ ಅಲ್ಲ. ವಕೀಲರೊಬ್ಬರ ಹತ್ತಿರ ಕೆಲವು ವರ್ಷ ಟೈಪಿಂಗ್ ಮಾಡಿದ್ದೇನೆ, ಅದಕ್ಕೆ ಇಂಥವು ನನ್ನ ಕಡೆ ಬರುತ್ತವೆ.

ಎಷ್ಟು ಚಿಕ್ಕದು ಮಾಡಬಹುದು ಅಂತ ನನಗೂ ಸರಿಯಾಗಿ ತಿಳಿಯಬೇಕಿತ್ತು. ಅದಕ್ಕೆ ಒಂದೇ ನೋಟಿಸನ್ನು ಮೂರು ಅಳತೆಯಲ್ಲಿ ಬರೆದು, ಆ ಮನೆಯ ಮೂವರಿಗೆ ಒಂದೊಂದು ಕೊಟ್ಟೆ. ಓದಿದ ಮೇಲೆ ನಾಲ್ಕೇ ಪ್ರಶ್ನೆ ಕೇಳಿದೆ. ಏನು ಮಾಡಬೇಕು, ಯಾರು ಮಾಡಬೇಕು, ಯಾವತ್ತಿನೊಳಗೆ, ಮಾಡದಿದ್ದರೆ ಏನಾಗುತ್ತೆ?

ಅದಕ್ಕೂ ಮೊದಲು ಫೋಟೋದ ವಿಷಯ. ಎರಡನೇ ಪುಟದಲ್ಲಿ ಮಡಿಕೆಯ ಗೆರೆ ಒಂದು ಅಂಕಿಯ ಮೇಲೇ ಹಾದುಹೋಗಿತ್ತು. "7 ದಿನ"ವೋ "1 ದಿನ"ವೋ ಗೊತ್ತಾಗುತ್ತಿರಲಿಲ್ಲ. ಫೋಟೋ ಆಗಿ ಕಳಿಸಿದರೆ ಮೆಸೇಜಿನಲ್ಲಿ ಅದರ ಗಾತ್ರ ಕುಗ್ಗಿ ಸಣ್ಣ ಅಕ್ಷರ ಕಲಸಿಹೋಗುತ್ತೆ. ಹಾಗಾಗಿ ಕಾಗದವನ್ನು ಚಪ್ಪಟೆ ಇಟ್ಟು, ನಾಲ್ಕೂ ಅಂಚು ಕಾಣುವ ಹಾಗೆ ಮತ್ತೆ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿದೆ. ಈಗ ಅಂಕಿಯ ಪಕ್ಕದಲ್ಲಿ "ಏಳು" ಅಂತ ಅಕ್ಷರದಲ್ಲೂ ಇದ್ದದ್ದು ಕಾಣಿಸಿತು. ಲಕೋಟೆಯ ಫೋಟೋವನ್ನೂ ತರಿಸಿಕೊಂಡೆ, ಅದು ಕೈಗೆ ಬಂದ ದಿನವನ್ನೂ ಕೇಳಿ ಬರೆದುಕೊಂಡೆ. ನೋಟಿಸಿನ ತಾರೀಕು 4, ಕೈಗೆ ಬಂದದ್ದು 9. ಈ ಐದು ದಿನದ ವ್ಯತ್ಯಾಸ ಮುಂದೆ ಲೆಕ್ಕಕ್ಕೆ ಬರುತ್ತೆ.

ಮೊದಲ ಅಳತೆ, ಎರಡು ಸಾಲು. ನಾನು ಬರೆದದ್ದು ಹೀಗೆ: "ಮೂರು ತಿಂಗಳ ಬಾಡಿಗೆ ಬಾಕಿ ಇದೆಯಂತೆ. ಇಬ್ಬರೂ ಸೇರಿ 19ರೊಳಗೆ ಕಟ್ಟಿ ಮನೆ ಖಾಲಿ ಮಾಡಬೇಕು." ಇದನ್ನು ತಮ್ಮ ಓದಿದ. ಅರ್ಧ ನಿಮಿಷದಲ್ಲಿ ನಾಲ್ಕೂ ಪ್ರಶ್ನೆಗೆ ಉತ್ತರ ಹೇಳಿದ, ನಾಲ್ಕೂ ತಪ್ಪು. ತಪ್ಪು ಅವನದಲ್ಲ, ನನ್ನದು.

ನೋಟಿಸಿನಲ್ಲಿದ್ದದ್ದು "ಪಾವತಿಸತಕ್ಕದ್ದು, ತಪ್ಪಿದಲ್ಲಿ ಮನೆ ಖಾಲಿ ಮಾಡಿ ಸ್ವಾಧೀನ ಕೊಡತಕ್ಕದ್ದು" ಅಂತ. ಅಂದರೆ ಬಾಕಿ ಕಟ್ಟದೇ ಹೋದರೆ ಮಾತ್ರ ಖಾಲಿ ಮಾಡುವ ಮಾತು. "ತಪ್ಪಿದಲ್ಲಿ" ಅನ್ನೋದನ್ನು ಬಿಟ್ಟು ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದರಿಂದ, ಒಂದು ಷರತ್ತು ಹೋಗಿ ಎರಡು ಕೆಲಸ ಅವರ ತಲೆ ಮೇಲೆ ಬಿತ್ತು. ಇನ್ನು "ಇಬ್ಬರೂ ಸೇರಿ" ಅಂದದ್ದನ್ನು ಅವನು ಅರ್ಧರ್ಧ ಅಂದುಕೊಂಡ. "ನನ್ನ ಪಾಲು ನಾನು ಕಟ್ಟಿದರೆ ಮುಗೀತು ಅಲ್ವಾ?" ಅಂತ ಕೇಳಿದ. ನೋಟಿಸಿನ ಮಾತು "ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ". ಅದರ ಪ್ರಕಾರ ಮಾಲೀಕರು ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಕೇಳಬಹುದು.

ಜಾಸ್ತಿ ಅಪಾಯದ್ದು ತಾರೀಕು. "ಈ ನೋಟಿಸು ತಲುಪಿದ ದಿನದಿಂದ 15 ದಿನಗಳೊಳಗೆ" ಅಂತ ಅದರಲ್ಲಿತ್ತು. ನಾನು ನೋಟಿಸಿನ ಮೇಲಿದ್ದ 4ಕ್ಕೆ 15 ಸೇರಿಸಿ 19 ಅಂತ ಬರೆದಿದ್ದೆ. ಮುಂಚಿನ ತಾರೀಕು ಹೇಳಿದರೆ ಒಳ್ಳೆಯದೇ, ಬೇಗ ಕಟ್ಟುತ್ತಾರೆ ಅಂತ ಅನ್ನಿಸಬಹುದು. ಹಾಗಲ್ಲ. ದುಡ್ಡು 21ಕ್ಕೆ ಕೈ ಸೇರುವವನು "ಅವಧಿ ಮುಗಿದೇ ಹೋಯ್ತು, ಇನ್ನೇನು" ಅಂತ ಕೈಚೆಲ್ಲಿ ಕೂರುತ್ತಾನೆ, ನಿಜಕ್ಕೂ ಅವನಿಗೆ ಇನ್ನೂ ದಿನ ಇರುತ್ತೆ.

ಎರಡನೇ ಅಳತೆ, ಪೂರ್ತಿ ಬಿಡಿಸಿ ಬರೆದದ್ದು. ಒಂದೊಂದು ಪ್ಯಾರಾವನ್ನೂ ಸರಳ ಮಾತಿಗೆ ತಂದೆ, ಏನೂ ಬಿಡಲಿಲ್ಲ. ಒಂದೂವರೆ ಪುಟ ಆಯಿತು. ತಪ್ಪು ಇರಲಿಲ್ಲ. ಆದರೆ ಅಣ್ಣ ಓದುತ್ತಾ ಓದುತ್ತಾ ಮೊದಲ ಪುಟದಲ್ಲೇ ನಿಂತ. ಅಲ್ಲಿ ಕರಾರು ಯಾವಾಗ ಆಯಿತು, ಮುಂಗಡ ಎಷ್ಟು, ಮಾಲೀಕರು ಎಷ್ಟು ಸಲ ಕೇಳಿದರು ಅನ್ನೋ ಕಥೆ. "ಎಷ್ಟು ಸಲ ಕೇಳಿದರು? ಒಂದೇ ಸಲ!" ಅಂತ ಅವನು ಸಿಟ್ಟಾದ. 15 ದಿನ ಅನ್ನೋದು ನೆನಪಿತ್ತು, ಏಳು ದಿನದ ಮಾತು ಎರಡನೇ ಪುಟದಲ್ಲಿ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಲ್ಲಿದ್ದದ್ದು ಹೀಗೆ: ಬಾಕಿಯ ಲೆಕ್ಕದಲ್ಲಿ ತಕರಾರಿದ್ದರೆ ತಲುಪಿದ 7 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಅವರಿಗೆ ತಕರಾರು ಇತ್ತು. ಒಂದು ತಿಂಗಳ ಬಾಡಿಗೆ ಕಟ್ಟಿದ ರಸೀದಿ ಮನೆಯಲ್ಲೇ ಇತ್ತು.

ಇಲ್ಲಿ ನನಗೆ ವಿಷಯ ಸ್ಪಷ್ಟವಾಯಿತು. ನೋಟಿಸನ್ನು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕುಗ್ಗಿಸಬಾರದು. ಹಿಂದಿನ ಕಥೆ ಹೇಳುವ ಭಾಗವನ್ನು ಒಂದು ಸಾಲಿಗೆ ಇಳಿಸಬಹುದು. "ಮಾಲೀಕರು ಹೇಳುವ ಪ್ರಕಾರ" ಅನ್ನೋದನ್ನು ಮಾತ್ರ ಉಳಿಸಬೇಕು, ಇಲ್ಲದಿದ್ದರೆ ಅವರ ಆರೋಪವನ್ನು ನಾವೇ ಒಪ್ಪಿಕೊಂಡ ಹಾಗೆ ಕೇಳಿಸುತ್ತೆ. ಏನು ಮಾಡಬೇಕು ಅಂತ ಹೇಳುವ ಭಾಗದಲ್ಲಿ "ಹಾಗೂ", "ಅಥವಾ", "ತಪ್ಪಿದಲ್ಲಿ", "ತಲುಪಿದ ದಿನದಿಂದ" ಇವುಗಳಲ್ಲಿ ಒಂದನ್ನೂ ಮುಟ್ಟಬಾರದು.

ಮೂರನೆಯದು, ಅರ್ಧ ಪುಟ, ಹಾಗೇ ಬರೆದದ್ದು. ಅದು ಇಷ್ಟೇ:

"ಮಾಲೀಕರು ಹೇಳುವ ಪ್ರಕಾರ ಮೂರು ತಿಂಗಳ ಬಾಡಿಗೆ ಬಾಕಿ ಇದೆ.
ಲೆಕ್ಕ ಸರಿ ಇಲ್ಲ ಅನ್ನಿಸಿದರೆ, ನೋಟಿಸು ತಲುಪಿದ 7 ದಿನಗಳೊಳಗೆ ಬರೆದು ತಿಳಿಸಬೇಕು. ನಿಮಗೆ ತಲುಪಿದ್ದು 9. ಹಾಗಾಗಿ 15 ಮುಗಿಯುವ ಮೊದಲೇ ಕಳಿಸಿ.
ಬಾಕಿಯನ್ನು ತಲುಪಿದ ದಿನದಿಂದ 15 ದಿನಗಳೊಳಗೆ ಪೂರ್ತಿ ಕಟ್ಟಬೇಕು. 23 ಮುಗಿಯುವ ಮೊದಲೇ ಕಟ್ಟಿ.
ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು.
ಕಟ್ಟದಿದ್ದರೆ ಮಾತ್ರ ಮನೆ ಖಾಲಿ ಮಾಡಿ ಕೊಡಿ ಅಂತ ಕೇಳಿದ್ದಾರೆ. ಅದೂ ಆಗದಿದ್ದರೆ ಮತ್ತೆ ನೋಟಿಸು ಕೊಡದೆ ಕೋರ್ಟಿಗೆ ಹೋಗುವುದಾಗಿ ಹೇಳಿದ್ದಾರೆ."

ತಾರೀಕಿನ ಬಗ್ಗೆ ಒಂದು ಮಾತು. ತಲುಪಿದ ದಿನವನ್ನು ಬಿಟ್ಟು ಎಣಿಸಿದರೆ 16 ಮತ್ತು 24 ಬರುತ್ತೆ, ಸೇರಿಸಿ ಎಣಿಸಿದರೆ 15 ಮತ್ತು 23. ಮೊದಲ ದಿನವನ್ನು ಬಿಟ್ಟು ಎಣಿಸುವುದೇ ಜಾಸ್ತಿ ರೂಢಿ. ಕೊನೇ ದಿನ ರಜೆ ಬಂದರೆ ಏನು ಅನ್ನೋದಕ್ಕೂ ನಿಯಮ ಇರುತ್ತೆ. ಅದನ್ನು ತೀರ್ಮಾನಿಸೋದು ವಕೀಲರ ಕೆಲಸ. ನಾನು ಮುಂಚಿನ ತಾರೀಕನ್ನು ಸಲಹೆಯಾಗಿ ಕೊಟ್ಟೆ, ನೋಟಿಸಿನ ಅವಧಿಯ ಮಾತನ್ನು ಅದರ ಪಕ್ಕದಲ್ಲೇ ಬಿಟ್ಟೆ. ಸುಮ್ನೆ "23ರೊಳಗೆ" ಅಂತಷ್ಟೇ ಬರೆದಿದ್ದರೆ ಅದೂ ಮೊದಲಿನ 19ರ ತರಹವೇ ಆಗುತ್ತಿತ್ತು.

ಅರ್ಧ ಪುಟವನ್ನು ಓದಿದ್ದು ಅವರ ತಾಯಿ. ನಾಲ್ಕಕ್ಕೂ ಸರಿಯಾದ ಉತ್ತರ ಹೇಳಿದರು. ಆಮೇಲೆ ಅವರೇ ಕೇಳಿದರು, "ಹಾಗಾದರೆ ಮೊದಲು ರಸೀದಿ ಹುಡುಕಬೇಕು, ದುಡ್ಡು ಆಮೇಲೆ, ಅಲ್ವೇನಪ್ಪಾ?" ಎರಡು ಸಾಲಿನಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಒಂದೂವರೆ ಪುಟದಲ್ಲಿ ಉತ್ತರ ಇದ್ದರೂ ಅಣ್ಣನಿಗೆ ಸಿಕ್ಕಿರಲಿಲ್ಲ.

ಅರ್ಧ ಪುಟ ಸಾಲದ ನೋಟಿಸೂ ಇರುತ್ತೆ. "5ನೇ ಪ್ಯಾರಾಕ್ಕೆ ಒಳಪಟ್ಟು" ಅಂತ ಒಂದು ಪ್ಯಾರಾ ಇನ್ನೊಂದನ್ನು ಹಿಡಿದುಕೊಂಡಿದ್ದರೆ, ಆ ಎರಡನ್ನೂ ಪೂರ್ತಿ ಬಿಡಿಸಿಯೇ ಬರೆಯುತ್ತೇನೆ. ಫೋಟೋದಲ್ಲಿ ಓದಲಾಗದ ಜಾಗ ಇದ್ದರೆ ಊಹೆ ಮಾಡದೆ "ಇಲ್ಲಿ ಕಾಣುತ್ತಿಲ್ಲ" ಅಂತ ಬರೆಯುತ್ತೇನೆ. ಎರಡು ಸಾಲನ್ನು ಈಗ ಒಂದಕ್ಕೆ ಮಾತ್ರ ಬಳಸುತ್ತೇನೆ: "ಬಾಡಿಗೆ ಬಾಕಿ ಬಗ್ಗೆ ನೋಟಿಸು. ಮೊದಲ ಗಡುವು ಏಳೇ ದಿನ, ಇವತ್ತೇ ಕೂತು ಓದೋಣ."

ಅಣ್ಣ-ತಮ್ಮ 12ಕ್ಕೆ ಮೂಲ ಕಾಗದ, ಲಕೋಟೆ, ರಸೀದಿ ಮೂರನ್ನೂ ತಗೊಂಡು ವಕೀಲರ ಹತ್ತಿರ ಹೋದರು. ಉತ್ತರ 13ಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು.