ತಾರಸಿಯ ಮೊದಲ ಬೆಂಡೆ: ಫೆಬ್ರವರಿಯೋ, ಜೂನೋ?

ಬೆಂಗಳೂರಿನ ತಾರಸಿಯಲ್ಲಿ ಫೆಬ್ರವರಿ ಕೊನೆಗೆ ಬೆಂಡೆ ಬೀಜ ಹಾಕಿದರೆ, ಬಿಸಿಲಿಗೆ ಗಿಡ ಚುರುಕಾಗಿ ಬೆಳೆದು ಏಪ್ರಿಲ್ ಮಧ್ಯದ ಹೊತ್ತಿಗೆ ಕಾಯಿ ಕೊಡುತ್ತದೆ. ಆದರೆ ಕಾದ ಕಾಂಕ್ರೀಟಿನ ಮೇಲಿನ ಕುಂಡಕ್ಕೆ ಬೆಳಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕು, ಬಿಳಿನೊಣ ಹರಡುವ ಹಳದಿ ನಂಜುರೋಗದ ಕಾಟವೂ ಇರುತ್ತದೆ. ಎಲೆಯ ನರಗಳು ಬಲೆಯಂತೆ ಹಳದಿಯಾದರೆ ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು.

ಜೂನ್ ಬಿತ್ತನೆಯಲ್ಲಿ ನೀರುಣಿಸುವ ಕೆಲಸ ಕಡಿಮೆ. ಅಲ್ಲಿನ ಅಪಾಯವೆಂದರೆ ಬೇರು ಕೊಳೆಯುವುದು: ಮಣ್ಣು ಒದ್ದೆಯಿದ್ದರೂ ಗಿಡ ಬಾಡಿದರೆ ಅದೇ ಗುರುತು. ಹನ್ನೆರಡು ಅಂಗುಲದ ಕುಂಡವನ್ನು ಇಟ್ಟಿಗೆಗಳ ಮೇಲಿಟ್ಟು, ತಳದ ತೂತು ಕಟ್ಟಿಕೊಳ್ಳದಂತೆ ನೋಡಿಕೊಂಡು, ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿಯನ್ನು ಸಮಪಾಲು ಬೆರೆಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಹಗಲು ಮನೆಯಲ್ಲಿ ಇರದವರಿಗೆ ನಾನು ಜೂನನ್ನೇ ಸೂಚಿಸುತ್ತೇನೆ.